ಗ್ರೈಂಡರ್ ಒಡೆದು ತಲುಪಿದೆ, ಫೋಟೊಗಳಿವೆ: ಕೊರಿಯರ್ ಕಂಪನಿಗೆ ಪತ್ರ ಹೇಗೆ ಬರೆಯಬೇಕು?

ಪ್ರಶ್ನೆ: ಪುಣೆಯಲ್ಲಿರುವ ಮಗಳಿಗೆ ಹುಬ್ಬಳ್ಳಿಯಿಂದ ಹೊಸ ಟೇಬಲ್ ಟಾಪ್ ಗ್ರೈಂಡರ್ ಕೊರಿಯರ್ ಮಾಡಿದ್ದೆ. ಅಂಗಡಿ ಬಿಲ್ 6,800 ರೂಪಾಯಿ, ಡಾಕೆಟ್‌ನಲ್ಲೂ ಅಷ್ಟೇ ಬೆಲೆ ಬರೆಸಿದ್ದೇನೆ. ಕೊರಿಯರ್ ಚಾರ್ಜ್ 940. ಮಾರ್ಚ್ 2ಕ್ಕೆ ಬುಕ್ ಮಾಡಿದ್ದು 6ಕ್ಕೆ ತಲುಪಿತು. ಬಾಕ್ಸಿನ ಮೂಲೆ ಜಜ್ಜಿತ್ತು, ಅಳಿಯ ಗಮನಿಸದೆ ಒಟಿಪಿ ಕೊಟ್ಟುಬಿಟ್ಟರು. ಒಳಗೆ ಬಾಡಿ ಸೀಳಿದೆ, ಡ್ರಮ್ ಅಲ್ಲಾಡುತ್ತದೆ. ಮಗಳು ವಾಟ್ಸಾಪ್‌ನಲ್ಲಿ 14 ಫೋಟೊ ಕಳಿಸಿದ್ದಾಳೆ. ಬಾಕ್ಸ್ ಇನ್ನೂ ಬಾಲ್ಕನಿಯಲ್ಲಿದೆ. ನಾನು ಬರೆದ ಪತ್ರ ಇಷ್ಟು: "ನಿಮ್ಮ ಸಿಬ್ಬಂದಿಯ ಬೇಜವಾಬ್ದಾರಿಯಿಂದ ನಮ್ಮ ವಸ್ತು ಪೂರ್ತಿ ಹಾಳಾಗಿದೆ. ಫೋಟೊ ಲಗತ್ತಿಸಿದ್ದೇನೆ. ಕೂಡಲೇ 50,000 ರೂಪಾಯಿ ಪರಿಹಾರ ಕೊಡಿ, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇನೆ." ಇದು ಸಾಕಾಗುತ್ತಾ?

ಉತ್ತರ: ಸಾಕಾಗಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಪತ್ರ ಓದಿದವರಿಗೆ ಯಾವ ಪಾರ್ಸೆಲ್, ಎಲ್ಲಿ ಪೆಟ್ಟಾಗಿದೆ, ಎಷ್ಟು ನಷ್ಟ ಅನ್ನುವ ಮೂರೂ ಗೊತ್ತಾಗುವುದಿಲ್ಲ. ಕ್ಲೇಮ್ ವಿಭಾಗದಲ್ಲಿ ನಿಮ್ಮ ಫೈಲ್ ತೆರೆಯುವವರು ಬಾಕ್ಸನ್ನು ಕಣ್ಣಾರೆ ನೋಡಿರುವುದಿಲ್ಲ. ಅವರ ಮುಂದೆ ಇರುವುದು ನಿಮ್ಮ ಪತ್ರ, ನಿಮ್ಮ ಫೋಟೊ ಮತ್ತು ಕಂಪ್ಯೂಟರಿನಲ್ಲಿ "ಡೆಲಿವರ್ಡ್" ಅನ್ನುವ ಒಂದು ಸಾಲು, ಅಷ್ಟೇ. ಕ್ಲೇಮ್ ತಳ್ಳಿಹಾಕಲು ಅವರು ಹುಡುಕುವ ಕಾರಣಗಳೂ ಹೆಚ್ಚಿಲ್ಲ. ಒಳಗಿನ ವಸ್ತು ಮೊದಲೇ ಒಡೆದಿತ್ತು, ಪ್ಯಾಕಿಂಗ್ ಸರಿಯಿರಲಿಲ್ಲ, ತೆಗೆದುಕೊಂಡವರು ತಕರಾರಿಲ್ಲದೆ ತೆಗೆದುಕೊಂಡರು. ಪತ್ರ ಈ ಮೂರಕ್ಕೂ ಮೊದಲೇ ಉತ್ತರ ಕೊಟ್ಟಿರಬೇಕು.

ಫೋಟೊಗಳಿಂದಲೇ ಶುರು ಮಾಡೋಣ, ಯಾಕೆಂದರೆ ನಿಮ್ಮ ಕೇಸು ನಿಲ್ಲುವುದು ಅದರ ಮೇಲೆ. ಹದಿನಾಲ್ಕು ಫೋಟೊ ಅಂದಿದ್ದೀರಿ. ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಮನೆಯವರು ತೆಗೆಯುವ ಫೋಟೊಗಳೆಲ್ಲ ಒಂದೇ ಥರ ಇರುತ್ತವೆ. ಸೀಳಿದ ಪ್ಲಾಸ್ಟಿಕ್ಕು, ಅದನ್ನೇ ಇನ್ನೂ ಹತ್ತಿರದಿಂದ, ಅದನ್ನೇ ಇನ್ನೊಂದು ಬದಿಯಿಂದ. ಇವು ಗ್ರೈಂಡರ್ ಒಡೆದಿದೆ ಅಂತ ತೋರಿಸುತ್ತವೆ. ಆದರೆ ಅದು ಈ ಡಾಕೆಟ್‌ನ ಪಾರ್ಸೆಲ್ ಅಂತಾಗಲೀ, ದಾರಿಯಲ್ಲಿ ಒಡೆಯಿತು ಅಂತಾಗಲೀ ತೋರಿಸುವುದಿಲ್ಲ. ಆ ಎರಡನ್ನು ತೋರಿಸುವ ಫೋಟೊ ಒಂದೂ ಇಲ್ಲದಿದ್ದರೆ ಹದಿನಾಲ್ಕಿದ್ದರೂ ಒಂದೇ, ನಲವತ್ತಿದ್ದರೂ ಒಂದೇ.

ಪುಣ್ಯಕ್ಕೆ ಬಾಕ್ಸ್ ಇದೆ. ಅದನ್ನು ರದ್ದಿಗೆ ಹಾಕದಂತೆ ಮಗಳಿಗೆ ಇವತ್ತೇ ಹೇಳಿ. ಒಳಗಿದ್ದ ಥರ್ಮಾಕೋಲ್ ಚೂರುಗಳೂ ಬೇಕು, ಟೇಪೂ ಬೇಕು. ಆಮೇಲೆ ಹೊಸದಾಗಿ ಕೆಲವು ಫೋಟೊ ತೆಗೆಯಲು ಹೇಳಿ. ಮೊದಲನೆಯದರಲ್ಲಿ ಇಡೀ ಬಾಕ್ಸ್ ಕಾಣಬೇಕು, ಮೇಲಿನ ಲೇಬಲ್‌ನ ಡಾಕೆಟ್ ಸಂಖ್ಯೆ ಓದುವಂತಿರಬೇಕು. ಎರಡನೆಯದು ಎಲ್ಲಕ್ಕಿಂತ ಮುಖ್ಯ. ಜಜ್ಜಿದ ಮೂಲೆ ಮತ್ತು ಲೇಬಲ್ ಒಂದೇ ಫ್ರೇಮಿನಲ್ಲಿ ಬರಬೇಕು. ಲೇಬಲ್ ಆ ಬದಿಯಲ್ಲಿ ಇಲ್ಲದಿದ್ದರೆ ಬಾಕ್ಸನ್ನು ಓರೆಯಾಗಿಟ್ಟು ಎರಡೂ ಬದಿ ಸಿಗುವಂತೆ ತೆಗೆಯಬಹುದು. ಅದೇ ಮೂಲೆಗೆ ಅಳತೆ ಟೇಪು ಹಿಡಿದು ಎಷ್ಟು ಒಳಕ್ಕೆ ಹೋಗಿದೆ ಅಂತ ಅಳತೆ ತೋರಿಸುವ ಒಂದು ಫೋಟೊ. ಇನ್ನು ಗ್ರೈಂಡರನ್ನು ಬಂದ ಹಾಗೆಯೇ ಥರ್ಮಾಕೋಲ್ ಸಮೇತ ಬಾಕ್ಸಿನಲ್ಲಿ ಕೂರಿಸಿ, ಬಾಡಿಯ ಸೀಳು ಬಾಕ್ಸಿನ ಯಾವ ಮೂಲೆಗೆ ಸರಿಯಾಗಿ ಬರುತ್ತದೆ ಅಂತ ಕಾಣುವ ಒಂದು ಫೋಟೊ. ಕೊನೆಗೆ ಗ್ರೈಂಡರ್ ಅಡಿಯಲ್ಲಿರುವ ಸೀರಿಯಲ್ ನಂಬರ್. ಅಂಗಡಿ ಬಿಲ್ಲಿನಲ್ಲಿ ಅಥವಾ ವಾರಂಟಿ ಕಾರ್ಡಿನಲ್ಲಿ ಅದೇ ನಂಬರ್ ಇದ್ದರೆ, ಇದು ನೀವು ಕಳಿಸಿದ ಗ್ರೈಂಡರೇ ಹೌದಾ ಅನ್ನುವ ಪ್ರಶ್ನೆ ಅಲ್ಲಿಗೇ ಮುಗಿಯಿತು.

ನಾಲ್ಕನೆಯ ಫೋಟೊ ಯಾಕೆ ಅಂತ ಸ್ವಲ್ಪ ಹೇಳುತ್ತೇನೆ. ಟೇಬಲ್ ಟಾಪ್ ಗ್ರೈಂಡರ್ ಭಾರ ಇರುವುದು ಕಲ್ಲು ಮತ್ತು ಮೋಟಾರಿನಲ್ಲಿ, ಹೊರಗಿನ ಬಾಡಿ ಮಾತ್ರ ಪ್ಲಾಸ್ಟಿಕ್. ಹತ್ತು ಹನ್ನೆರಡು ಕೆ.ಜಿ. ತೂಕದ ಬಾಕ್ಸ್ ಮೂಲೆಯ ಮೇಲೆ ಬಿದ್ದರೆ ಅಷ್ಟೂ ಭಾರ ಆ ಒಂದು ಜಾಗಕ್ಕೆ ಬರುತ್ತದೆ. ರಟ್ಟು ಒಳಕ್ಕೆ ಕುಸಿಯುತ್ತದೆ, ಅಲ್ಲಿನ ಥರ್ಮಾಕೋಲ್ ಪುಡಿಯಾಗುತ್ತದೆ, ಅದರ ಹಿಂದಿನ ಬಾಡಿ ಸೀಳುತ್ತದೆ. ಡ್ರಮ್ ಕೂರುವ ಶಾಫ್ಟ್ ಕೊಂಚ ಬಾಗಿದರೂ ಡ್ರಮ್ ಓಲಾಡುತ್ತದೆ. ಅಂದರೆ ರಟ್ಟು, ಥರ್ಮಾಕೋಲ್, ಬಾಡಿ ಮೂರರಲ್ಲೂ ಪೆಟ್ಟು ಒಂದೇ ಮೂಲೆಯಲ್ಲಿದ್ದರೆ, ಪೆಟ್ಟು ಹೊರಗಿನಿಂದ ಒಳಕ್ಕೆ ಬಂತು ಅಂತ ಆಯಿತು. ಮೊದಲೇ ಒಡೆದ ಗ್ರೈಂಡರನ್ನು ಪ್ಯಾಕ್ ಮಾಡಿದ್ದರೆ ಹೊರಗಿನ ರಟ್ಟು ಅದೇ ಜಾಗದಲ್ಲಿ ಜಜ್ಜಿರಲು ಕಾರಣವೇ ಇಲ್ಲ. "ಮೊದಲೇ ಒಡೆದಿತ್ತು" ಅನ್ನುವ ವಾದಕ್ಕೆ ನಿಮ್ಮ ಉತ್ತರ ಇದು. ಇದನ್ನು ಫೋಟೊ ತಾನಾಗಿ ಹೇಳುವುದಿಲ್ಲ. ಮೂರು ಫೋಟೊಗಳನ್ನು ಪತ್ರದ ಒಂದು ವಾಕ್ಯ ಜೋಡಿಸಿ ಹೇಳಬೇಕು.

ಉಲ್ಟಾ ಸಾಧ್ಯತೆಯನ್ನೂ ನೋಡಿಕೊಳ್ಳಿ. ಜಜ್ಜಿದ್ದು ಒಂದು ಮೂಲೆ, ಸೀಳಿದ್ದು ಎದುರಿನ ಬದಿ ಅಂತಾದರೆ ಆ ವಾಕ್ಯ ಬರೆಯಬೇಡಿ. ಒಳಗೆ ವಸ್ತು ಸಡಿಲವಾಗಿ ಅಲ್ಲಾಡಿ ಒಡೆದಿರಬಹುದು. ಆಗ ಕಂಪನಿಯ ಪ್ಯಾಕಿಂಗ್ ವಾದಕ್ಕೆ ಬಲ ಬರುತ್ತದೆ. ಗುಂಡುಕಲ್ಲುಗಳನ್ನು ಡ್ರಮ್ಮಿನಲ್ಲೇ ಬಿಟ್ಟು ಪ್ಯಾಕ್ ಮಾಡಿದ್ದಿರಾ ಅಂತಲೂ ನೆನಪು ಮಾಡಿಕೊಳ್ಳಿ. ಸಡಿಲವಾಗಿ ಬಿಟ್ಟ ಕಲ್ಲು ಒಳಗಿನಿಂದಲೇ ಡ್ರಮ್ಮಿಗೆ ಬಡಿಯುತ್ತದೆ, ಆ ತಗ್ಗು ಒಳಗಿನಿಂದ ಹೊರಕ್ಕೆ ಉಬ್ಬಿರುತ್ತದೆ. ಅಂಗಡಿಯವರ ಬಾಕ್ಸಿನಲ್ಲಿ, ಅವರ ಥರ್ಮಾಕೋಲ್ ಅಚ್ಚಿನಲ್ಲೇ ಕಳಿಸಿದ್ದರೆ ನೀವು ಗಟ್ಟಿ ನೆಲದಲ್ಲಿದ್ದೀರಿ.

ಒಂದು ಎಚ್ಚರಿಕೆ. ಗ್ರೈಂಡರಿಗೆ ಕರೆಂಟ್ ಕೊಟ್ಟು "ಓಡುತ್ತಾ ನೋಡೋಣ" ಅಂತ ಪ್ರಯೋಗ ಮಾಡುವುದು ಬೇಡ. ಶಾಫ್ಟ್ ಬಾಗಿದ್ದರೆ ಮೋಟಾರ್ ಸುಡಬಹುದು. ಸುಟ್ಟ ಮೇಲೆ ಅದು ದಾರಿಯಲ್ಲಿ ಆದದ್ದಲ್ಲ, ನೀವು ಮಾಡಿದ್ದು ಅನ್ನುತ್ತಾರೆ. ಪ್ಲಗ್ ಹಾಕದೆ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ ಹದಿನೈದು ಸೆಕೆಂಡಿನ ವಿಡಿಯೊ ತೆಗೆದರೆ ಸಾಕು, ಓಲಾಟ ಕಾಣುತ್ತದೆ. ರಿಪೇರಿಯನ್ನೂ ಈಗಲೇ ಮಾಡಿಸಬೇಡಿ, ಅಂದಾಜು ಪಟ್ಟಿ ಮಾತ್ರ ತರಿಸಿ.

ವಾಟ್ಸಾಪ್ ವಿಷಯ. ಅಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಫೋಟೊ ತೆಗೆದ ದಿನ ಮತ್ತು ಸಮಯದ ಒಳ ಮಾಹಿತಿಯೂ ಹೋಗುತ್ತದೆ. ಮಗಳ ಫೋನಿನಲ್ಲಿರುವ ಮೂಲ ಫೋಟೊಗಳನ್ನು ಅಳಿಸಬಾರದು. ನಿಮಗೆ ಇಮೇಲ್‌ನಲ್ಲಿ ಕಳಿಸಲಿ, ಇಲ್ಲವೇ ವಾಟ್ಸಾಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಲಿ. ಕತ್ತರಿಸುವುದು, ಬೆಳಕು ಹೆಚ್ಚಿಸುವುದು, ಕೆಂಪು ಬಾಣ ಎಳೆಯುವುದು ಯಾವುದೂ ಬೇಡ. ಬಾಣ ಹಾಕಲೇಬೇಕು ಅನ್ನಿಸಿದರೆ ಪ್ರತಿಯ ಮೇಲೆ ಹಾಕಿ, ಮೂಲವನ್ನೂ ಜೊತೆಗಿಡಿ. ಫೈಲಿಗೆ `01-label.jpg`, `02-corner-label.jpg` ಅಂತ ಪತ್ರದ ಕ್ರಮದಲ್ಲೇ ಹೆಸರು ಕೊಡಿ. ಲಗತ್ತಿಸುವುದು ಏಳೆಂಟು ಸಾಕು. ಉಳಿದವು ನಿಮ್ಮ ಬಳಿ ಇರಲಿ.

ಹೊಸ ಫೋಟೊಗಳ ದಿನಾಂಕ ಪಾರ್ಸೆಲ್ ಬಂದ ದಿನದ್ದಾಗಿರುವುದಿಲ್ಲ ಅಲ್ವಾ? ಅದನ್ನು ಮುಚ್ಚಿಡಬೇಡಿ. ಯಾವ ಚಿತ್ರ ಯಾವತ್ತಿನದು ಅಂತ ಪತ್ರದಲ್ಲೇ ಬರೆದುಬಿಡಿ. ಅವರೇ ಕಂಡುಹಿಡಿದರೆ ಅನುಮಾನ, ನೀವೇ ಹೇಳಿದರೆ ಅದೊಂದು ವಿವರ ಮಾತ್ರ.

ಇನ್ನು ಅಳಿಯಂದಿರು ಕೊಟ್ಟ ಒಟಿಪಿ. ಇದಕ್ಕಾಗಿ ಮನೆಯಲ್ಲಿ ಅವರನ್ನು ಯಾರೂ ಬೈಯುವುದು ಬೇಡ. ಬಾಗಿಲಲ್ಲಿ ಆತುರದಲ್ಲಿರುವ ಹುಡುಗನ ಮುಂದೆ ನಿಂತು ಆರು ಬದಿ ತಿರುಗಿಸಿ ನೋಡುವವರು ಕಡಿಮೆ. ಒಟಿಪಿ ಹೇಳುವುದು ಪಾರ್ಸೆಲ್ ಕೈಸೇರಿತು ಅಂತ. ಒಳಗಿನ ವಸ್ತು ನೋಡಿ ಒಪ್ಪಿದೆವು ಅಂತ ಅಲ್ಲ. ಹಾಗಂತಲೇ ಪತ್ರದಲ್ಲಿ ಬರೆಯಿರಿ. ಡೆಲಿವರಿ ಹುಡುಗ ಬಾಕ್ಸಿನ ಫೋಟೊ ತೆಗೆದಿದ್ದರೆ ಇನ್ನೂ ಒಳ್ಳೆಯದು. ಬಹಳ ಕಂಪನಿಗಳು ಈಗ ಹಾಗೆ ತೆಗೆಸುತ್ತವೆ. ಅದರ ಪ್ರತಿ ಕೇಳಿ, ಅದರಲ್ಲಿ ಜಜ್ಜಿದ ಮೂಲೆ ಕಂಡರೆ ಅವರದೇ ಸಾಕ್ಷಿ ನಿಮ್ಮ ಪರ. ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟನ್ನೂ ಇವತ್ತೇ ತೆಗೆದಿಡಿ. ಕೆಲವು ವಾರಗಳಾದ ಮೇಲೆ ಆ ಸಂಖ್ಯೆ ಹಾಕಿದರೆ ಏನೂ ಬರದೇ ಇರಬಹುದು. ಮುಂದೆ ಯಾವತ್ತಾದರೂ ಬಾಕ್ಸ್ ಜಜ್ಜಿರುವುದು ಬಾಗಿಲಲ್ಲೇ ಕಂಡರೆ, ಸಹಿ ಮಾಡುವ ಜಾಗದಲ್ಲಿ "ಬಾಕ್ಸ್ ಜಖಂ, ತೆರೆದು ನೋಡಿಲ್ಲ" ಅಂತ ಬರೆಯಬೇಕು. ಪರದೆಯ ಮೇಲೆ ಜಾಗ ಇಲ್ಲದಿದ್ದರೆ ಆ ಕ್ಷಣಕ್ಕೇ ಒಂದು ಇಮೇಲ್ ಹಾಕಬೇಕು.

ಈಗ ದುಡ್ಡಿನ ಲೆಕ್ಕ. 50,000 ಅಂತ ಬರೆದ ತಕ್ಷಣ ನಿಮ್ಮ ಪತ್ರ ಕ್ಲೇಮ್ ಆಗಿ ಉಳಿಯಲಿಲ್ಲ, ಜಗಳ ಆಯಿತು. ಪುಣೆಯ ಸರ್ವೀಸ್ ಸೆಂಟರಿನಲ್ಲಿ ಗ್ರೈಂಡರ್ ತೋರಿಸಿ, ಯಾವ ಭಾಗ ಬದಲಾಯಿಸಬೇಕು, ಎಷ್ಟಾಗುತ್ತದೆ ಅಂತ ಅವರ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಉದಾಹರಣೆಗೆ ಬಾಡಿ ಮತ್ತು ಡ್ರಮ್ ಜೋಡಣೆಗೆ 3,900, ಕೂಲಿ 400 ಅಂದರು ಅಂತಿಟ್ಟುಕೊಳ್ಳಿ. ನಷ್ಟ 4,300. ಹಾಳು ಮಾಡಿ ತಲುಪಿಸಿದ್ದಕ್ಕೆ ಚಾರ್ಜ್ 940 ವಾಪಸ್ ಕೇಳಿ. ಒಟ್ಟು 5,240. ರಿಪೇರಿಯೇ ಆಗುವುದಿಲ್ಲ ಅಂತ ಅವರು ಬರೆದುಕೊಟ್ಟರೆ ಮಾತ್ರ ಪೂರ್ತಿ 6,800 ಕೇಳಿ, ಒಡೆದ ಗ್ರೈಂಡರನ್ನು ಕಂಪನಿಗೆ ಒಪ್ಪಿಸಲು ಸಿದ್ಧ ಅಂತಲೂ ಸೇರಿಸಿ.

ಕಂಪನಿಯವರು ಡಾಕೆಟ್‌ನ ಹಿಂದಿನ ಸಣ್ಣ ಅಕ್ಷರ ತೋರಿಸಿ, ನಮ್ಮ ಹೊಣೆ ಕೆಲವು ನೂರು ರೂಪಾಯಿ ಅಷ್ಟೇ ಅನ್ನಬಹುದು. ಇಲ್ಲಿ ಕಾನೂನು ಗೊತ್ತಿದ್ದರೆ ಅನುಕೂಲ. ಹುಬ್ಬಳ್ಳಿಯಿಂದ ಪುಣೆಗೆ ಪಾರ್ಸೆಲ್ ಲಾರಿಯಲ್ಲಿ ರಸ್ತೆ ಮೇಲೆ ಹೋಗಿದ್ದರೆ ಅದಕ್ಕೆ 2007ರ ರಸ್ತೆ ಸರಕು ಸಾಗಣೆ ಕಾಯ್ದೆ ಬರುತ್ತದೆ. ಮನೆಬಾಗಿಲಿಗೆ ತಲುಪಿಸುವ ಕೊರಿಯರ್ ಏಜೆನ್ಸಿಗಳನ್ನೂ ಆ ಕಾಯ್ದೆ ಹೆಸರಿಟ್ಟೇ ಸೇರಿಸಿದೆ. ಬುಕ್ ಮಾಡುವಾಗ ಹೆಚ್ಚಿನ ರಿಸ್ಕ್ ದರ ಕಟ್ಟದಿದ್ದರೆ ಸಾಗಣೆದಾರರ ಹೊಣೆಗೆ ಮಿತಿ ಇದೆ. 2011ರ ನಿಯಮಗಳಲ್ಲಿ ಆ ಮಿತಿ ಸಾಗಣೆ ಚಾರ್ಜಿನ ಹತ್ತು ಪಟ್ಟು, ಆದರೆ ನೀವು ಘೋಷಿಸಿದ ಬೆಲೆಗಿಂತ ಜಾಸ್ತಿ ಇಲ್ಲ. ನಿಮ್ಮ ಲೆಕ್ಕದಲ್ಲಿ ಹತ್ತು ಪಟ್ಟು 9,400, ಘೋಷಿಸಿದ ಬೆಲೆ 6,800. ಹಾಗಾಗಿ ನಿಮ್ಮ ಮಿತಿ 6,800. ಕೇಳುತ್ತಿರುವುದು 5,240. ಅದರೊಳಗೇ ಇದೆ. ಬೆಲೆ ಬರೆಸಿದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಚಾರ್ಜ್ ಕಡಿಮೆಯಾಗಲಿ ಅಂತ 500 ರೂಪಾಯಿ ಅಂತ ಬರೆಸುವವರು ಇದ್ದಾರೆ, ಆಮೇಲೆ ಅದಕ್ಕೇ ಕಟ್ಟಿಬೀಳುತ್ತಾರೆ.

ಸಣ್ಣ ಅಕ್ಷರದ ಷರತ್ತು ನಡೆಯುವುದೇ ಇಲ್ಲ ಅಂತ ನಾನು ಹೇಳಲಾರೆ. 1996ರ ಭಾರತಿ ನಿಟ್ಟಿಂಗ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕಿದ ಕೊರಿಯರ್ ರಸೀದಿಯ ಮಿತಿಗೆ ಕಳಿಸಿದವರು ಬದ್ಧ ಅಂತ ಹೇಳಿ 100 ಡಾಲರ್‌ಗೇ ನಿಲ್ಲಿಸಿತು. ಅದು ವಿದೇಶಕ್ಕೆ ಕಳಿಸಿದ ಲಕೋಟೆಯ ವಿಷಯ, 2007ರ ಕಾಯ್ದೆಗೆ ಮೊದಲಿನದು. ಆದರೂ ಅವರ ವಕೀಲರು ಮೊದಲು ತೆಗೆಯುವುದು ಅದನ್ನೇ. ನಿಮ್ಮ ಡಾಕೆಟ್‌ನಲ್ಲಿ ನಿಮ್ಮ ಸಹಿ ಇದೆಯಾ, ಷರತ್ತುಗಳಿದ್ದ ಪ್ರತಿ ನಿಮಗೆ ಕೊಟ್ಟಿದ್ದರಾ ಅಂತ ಈಗಲೇ ತೆಗೆದು ನೋಡಿ. ಸಹಿಯೇ ಇಲ್ಲದಿದ್ದರೆ ಆ ತೀರ್ಪಿನ ಬಲ ನಿಮ್ಮ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ.

ಅದೇ ಕಾಯ್ದೆಯ ಇನ್ನೊಂದು ಮಾತು ನಿಮ್ಮ ಪತ್ರದ ಭಾಷೆಯನ್ನೇ ಬದಲಿಸುತ್ತದೆ. ಸಾಗಣೆದಾರರ ನಿರ್ಲಕ್ಷ್ಯವನ್ನು ಕಳಿಸಿದವರು ಸಾಬೀತು ಮಾಡಬೇಕಿಲ್ಲ ಅಂತ ಸೆಕ್ಷನ್ 12 ಹೇಳುತ್ತದೆ. ಹಾಗಿದ್ದ ಮೇಲೆ "ನಿಮ್ಮವರು ಎಸೆದಿದ್ದಾರೆ" ಅಂತ ಬರೆಯುವುದು ಯಾಕೆ? ಎಸೆದದ್ದನ್ನು ನೀವು ನೋಡಿಲ್ಲ, ಫೋಟೊದಲ್ಲೂ ಇಲ್ಲ. ಬರೆದರೆ "ಸಾಬೀತು ಮಾಡಿ" ಅನ್ನುತ್ತಾರೆ, ಮಾತು ಆ ಕಡೆ ಹೋಗಿಬಿಡುತ್ತದೆ. ಸರಿಯಾಗಿ ಕೊಟ್ಟೆವು, ಒಡೆದು ಬಂತು, ಇಷ್ಟು ನಷ್ಟ. ಇಷ್ಟೇ ಸಾಕು.

ಅವಧಿ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸೆಕ್ಷನ್ 16ರ ಪ್ರಕಾರ ನಷ್ಟದ ಬಗ್ಗೆ ಲಿಖಿತ ನೋಟಿಸ್ ಕೊಡದೆ ಸಾಗಣೆದಾರರ ಮೇಲೆ ದಾವೆ ಹೂಡುವಂತಿಲ್ಲ. ಅದಕ್ಕೆ 180 ದಿನ. ಎಣಿಸುವುದು ತಲುಪಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. ಮಾರ್ಚ್ 2ರಿಂದ ಎಣಿಸಿದರೆ ನಿಮಗೆ ಆಗಸ್ಟ್ 29ಕ್ಕೆ ಮುಗಿಯುತ್ತದೆ. ಇಷ್ಟು ದಿನ ಇದೆಯಲ್ಲ ಅಂತ ಕೂರಬೇಡಿ, ಯಾಕೆಂದರೆ ಕಂಪನಿಯ ಷರತ್ತಿನಲ್ಲಿ ಏಳು ದಿನ, ಕೆಲವೊಮ್ಮೆ ಇನ್ನೂ ಕಡಿಮೆ ಅಂತ ಇರುತ್ತದೆ. ತಡವಾದಷ್ಟೂ "ಮನೆಯಲ್ಲೇ ಬಿದ್ದಿರಬಹುದು" ಅನ್ನುವುದಕ್ಕೂ ದಾರಿ ಆಗುತ್ತದೆ. ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಪಡೆದ ಟಿಕೆಟ್ ನಂಬರನ್ನು ಲಿಖಿತ ನೋಟಿಸ್ ಅಂತ ನೆಚ್ಚಿಕೊಳ್ಳಬೇಡಿ. ಆ ನಂಬರನ್ನು ಪತ್ರದಲ್ಲಿ ಬರೆಯಿರಿ, ಆದರೆ ಪತ್ರ ಬೇರೆಯೇ ಹೋಗಬೇಕು.

ಪತ್ರ ನಿಮ್ಮ ಹೆಸರಿನಿಂದಲೇ ಹೋಗಲಿ, ಮಗಳ ಹೆಸರಿನಿಂದ ಬೇಡ. ಬುಕ್ ಮಾಡಿದವರು, ದುಡ್ಡು ಕೊಟ್ಟವರು ನೀವು. ಹುಬ್ಬಳ್ಳಿ ಶಾಖೆಗೆ ಕನ್ನಡದಲ್ಲೇ ಬರೆಯಬಹುದು. ಹೊರರಾಜ್ಯದ ಮುಖ್ಯ ಕಚೇರಿಗಾದರೆ ಇದನ್ನೇ ಇಂಗ್ಲಿಷಿನಲ್ಲೂ ಮಾಡಿಸಿ ಕಳಿಸಿದರೆ ಓಡಾಟ ಕಡಿಮೆ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ಇವರಿಗೆ: ಕುಂದುಕೊರತೆ ಅಧಿಕಾರಿ, (ಕಂಪನಿಯ ನೋಂದಾಯಿತ ಕಚೇರಿ ವಿಳಾಸ). ಪ್ರತಿ: ಶಾಖಾ ವ್ಯವಸ್ಥಾಪಕರು, ಹುಬ್ಬಳ್ಳಿ.

ವಿಷಯ: ಡಾಕೆಟ್ ಸಂಖ್ಯೆ (…), ಹುಬ್ಬಳ್ಳಿಯಿಂದ ಪುಣೆಗೆ, ಮಾರ್ಚ್ 2ರ ಬುಕಿಂಗ್. ಸಾಗಣೆಯಲ್ಲಿ ಪಾರ್ಸೆಲ್ ಜಖಂ ಆದ ಬಗ್ಗೆ ನೋಟಿಸ್ ಮತ್ತು 5,240 ರೂಪಾಯಿ ಪರಿಹಾರದ ಕೋರಿಕೆ.

ಮಾನ್ಯರೇ,

ಮಾರ್ಚ್ 2ರಂದು ನಿಮ್ಮ ಹುಬ್ಬಳ್ಳಿ ಶಾಖೆಯಲ್ಲಿ ಒಂದು ಹೊಸ ಟೇಬಲ್ ಟಾಪ್ ಗ್ರೈಂಡರನ್ನು ಮೇಲಿನ ಡಾಕೆಟ್‌ನಲ್ಲಿ ಬುಕ್ ಮಾಡಿದೆ. ಘೋಷಿಸಿದ ಬೆಲೆ 6,800 ರೂಪಾಯಿ, ಪಾವತಿಸಿದ ಚಾರ್ಜ್ 940 ರೂಪಾಯಿ. ಗ್ರೈಂಡರ್ ತಯಾರಕರ ಮೂಲ ಬಾಕ್ಸಿನಲ್ಲಿ, ಮೂಲ ಥರ್ಮಾಕೋಲ್ ಅಚ್ಚಿನಲ್ಲಿತ್ತು. ಶಾಖೆಯವರು ಪ್ಯಾಕಿಂಗ್ ಬಗ್ಗೆ ಯಾವ ಆಕ್ಷೇಪವನ್ನೂ ಡಾಕೆಟ್‌ನಲ್ಲಿ ಬರೆಯದೆ ಸ್ವೀಕರಿಸಿದರು.

ಮಾರ್ಚ್ 6ರಂದು ಪಾರ್ಸೆಲ್ ಪುಣೆಯಲ್ಲಿ ತಲುಪಿತು. ಒಟಿಪಿ ಕೊಟ್ಟದ್ದು ಪಾರ್ಸೆಲ್ ಕೈಸೇರಿದ್ದಕ್ಕೆ ಮಾತ್ರ. ಒಳಗಿನ ವಸ್ತುವನ್ನು ಆಗ ತೆರೆದು ನೋಡಿರಲಿಲ್ಲ. ಅದೇ ದಿನ ತೆರೆದಾಗ ಜಖಂ ಕಂಡಿತು.

ಚಿತ್ರ 1ರಲ್ಲಿ ಇಡೀ ಬಾಕ್ಸ್ ಮತ್ತು ಡಾಕೆಟ್ ಸಂಖ್ಯೆ ಇದೆ. ಚಿತ್ರ 2ರಲ್ಲಿ ಲೇಬಲ್ ಬದಿಯ ಕೆಳ ಎಡ ಮೂಲೆ ಒಳಕ್ಕೆ ಕುಸಿದಿದೆ. ಚಿತ್ರ 3ರ ಅಳತೆಯಂತೆ ಆ ತಗ್ಗು ಸುಮಾರು 6 ಸೆಂ.ಮೀ. ಚಿತ್ರ 4ರಲ್ಲಿ ಅದೇ ಮೂಲೆಯ ಥರ್ಮಾಕೋಲ್ ಪುಡಿಯಾಗಿದೆ, ಬಾಡಿಯ ಸೀಳು ಅದೇ ಮೂಲೆಗೆ ಸರಿಯಾಗಿ ಬರುತ್ತದೆ. ಚಿತ್ರ 5 ಆ ಸೀಳಿನ ಹತ್ತಿರದ ನೋಟ. ಚಿತ್ರ 6 ಸೀರಿಯಲ್ ನಂಬರ್, ಇದು ಬಿಲ್ಲಿನಲ್ಲಿರುವ ನಂಬರೇ. ಬಾಕ್ಸ್, ಥರ್ಮಾಕೋಲ್ ಮತ್ತು ಗ್ರೈಂಡರ್ ಮೂರರ ಪೆಟ್ಟೂ ಒಂದೇ ಮೂಲೆಯಲ್ಲಿದೆ. ಡ್ರಮ್ ಕೈಯಲ್ಲಿ ತಿರುಗಿಸಿದಾಗ ಓಲಾಡುತ್ತದೆ (ವಿಡಿಯೊ 1). ಗ್ರೈಂಡರಿಗೆ ಇದುವರೆಗೆ ವಿದ್ಯುತ್ ಕೊಟ್ಟಿಲ್ಲ. ಚಿತ್ರ 5 ಮಾರ್ಚ್ 6ರಂದು, ಉಳಿದ ಚಿತ್ರಗಳು ಮತ್ತು ವಿಡಿಯೊ ಮಾರ್ಚ್ 8ರಂದು ತೆಗೆದವು.

ಸರ್ವೀಸ್ ಸೆಂಟರ್ ಅಂದಾಜಿನ ಪ್ರಕಾರ ರಿಪೇರಿ ವೆಚ್ಚ 4,300 ರೂಪಾಯಿ. ಸಾಗಣೆ ಚಾರ್ಜ್ 940 ಸೇರಿ ಒಟ್ಟು 5,240 ರೂಪಾಯಿ ಕೊಡಬೇಕೆಂದು ಕೇಳುತ್ತೇನೆ. ಇದು ಘೋಷಿಸಿದ ಬೆಲೆ ಮತ್ತು ಸಾಗಣೆ ಚಾರ್ಜಿನ ಹತ್ತು ಪಟ್ಟು ಎರಡಕ್ಕಿಂತಲೂ ಕಡಿಮೆ.

ಬಾಕ್ಸ್, ಪ್ಯಾಕಿಂಗ್ ಮತ್ತು ಗ್ರೈಂಡರ್ ಬಂದ ಸ್ಥಿತಿಯಲ್ಲೇ ಪುಣೆಯ ವಿಳಾಸದಲ್ಲಿವೆ. ಪತ್ರ ತಲುಪಿದ 7 ದಿನದೊಳಗೆ ಬಂದು ಪರಿಶೀಲಿಸಬಹುದು. ಆಮೇಲೆ ರಿಪೇರಿ ಮಾಡಿಸುತ್ತೇನೆ. ಈ ಡಾಕೆಟ್‌ನ ಸ್ಕ್ಯಾನ್ ದಾಖಲೆ, ಡೆಲಿವರಿ ವೇಳೆಯ ಫೋಟೊ ಮತ್ತು ಹಬ್‌ನ ಸಿಸಿಟಿವಿ ದೃಶ್ಯಗಳನ್ನು ಉಳಿಸಿಡಿ. ಡೆಲಿವರಿ ಫೋಟೊದ ಪ್ರತಿ ನನಗೆ ಕೊಡಿ.

ಇದನ್ನು 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಸೆಕ್ಷನ್ 16ರ ನೋಟಿಸ್ ಎಂದು ಪರಿಗಣಿಸಿ. 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಲಗತ್ತು: ಡಾಕೆಟ್, ಅಂಗಡಿ ಬಿಲ್, ಅಂದಾಜು ಪಟ್ಟಿ, ಟ್ರ್ಯಾಕಿಂಗ್ ಸ್ಕ್ರೀನ್‌ಶಾಟ್, ಚಿತ್ರ 1ರಿಂದ 6, ವಿಡಿಯೊ 1."

ಮೂಲೆ ಯಾವುದು, ಎಷ್ಟು ಸೆಂ.ಮೀ., ಯಾವ ದಿನ ಅನ್ನುವುದನ್ನೆಲ್ಲ ನಿಮ್ಮ ಬಾಕ್ಸ್ ನೋಡಿ ಬದಲಿಸಿಕೊಳ್ಳಿ. ನನ್ನ ಅಂಕಿ ಹಾಗೇ ಇಳಿಸಬೇಡಿ. ಮೂಲ ಬಾಕ್ಸ್ ಅಲ್ಲದಿದ್ದರೆ ಆ ವಾಕ್ಯ ತೆಗೆದು, ನಿಜವಾಗಿ ಹೇಗೆ ಪ್ಯಾಕ್ ಮಾಡಿದ್ದಿರೋ ಹಾಗೆ ಬರೆಯಿರಿ. ಪತ್ರದಲ್ಲಿ ಒಂದು ತಪ್ಪು ಹೇಳಿಕೆ ಸಿಕ್ಕರೆ ಉಳಿದ ಸರಿಯಾದವುಗಳನ್ನೂ ಅನುಮಾನದಿಂದ ಓದುತ್ತಾರೆ.

ಕಳಿಸುವುದು ಎರಡು ದಾರಿಯಲ್ಲಿ. ಒಂದು, ಕಂಪನಿಯ ವೆಬ್‌ಸೈಟಿನಲ್ಲಿರುವ ಕುಂದುಕೊರತೆ ಇಮೇಲ್‌ಗೆ, ಫೋಟೊಗಳನ್ನು ನೇರ ಲಗತ್ತಾಗಿ. ಡ್ರೈವ್ ಲಿಂಕ್ ಕೊಟ್ಟರೆ "ತೆರೆಯಲಿಲ್ಲ" ಅಂದುಬಿಡುತ್ತಾರೆ. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ 25 ಎಂಬಿ ಮಿತಿ ಇದೆ, ಮೀರಿದರೆ ಎರಡು ಮೇಲ್ ಮಾಡಿ "ಭಾಗ 1", "ಭಾಗ 2" ಅಂತ ಬರೆಯಿರಿ. ಇನ್ನೊಂದು, ಕಾಗದದ ಪತ್ರ, ಬಣ್ಣದ ಪ್ರಿಂಟ್ ತೆಗೆದ ಫೋಟೊಗಳ ಸಮೇತ, ಅಂಚೆಯಲ್ಲಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್‌ಗೆ ನೋಂದಣಿಯೂ ಬೇಕು, ತಲುಪಿದ ದಾಖಲೆಯೂ ಬೇಕು ಅಂತ ಕೇಳಿ. ರಸೀದಿಯನ್ನು ಪತ್ರದ ನಿಮ್ಮ ಪ್ರತಿಗೆ ಪಿನ್ ಮಾಡಿಡಿ. ಅದೇ ಕೊರಿಯರ್‌ನಲ್ಲಿ ಮಾತ್ರ ಕಳಿಸಬೇಡಿ!

ಹದಿನೈದು ದಿನ ಕಳೆದರೂ ಸದ್ದಿಲ್ಲದಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸಲು ನೋಡುತ್ತಾರೆ. ಇಷ್ಟು ಸಣ್ಣ ಮೊತ್ತದ ಎಷ್ಟೋ ಕ್ಲೇಮ್ ಅಲ್ಲೇ ಮುಗಿಯುತ್ತವೆ. ಅದಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಲ್ಲಿ ನೀವು ವಾಸ ಮಾಡುವ ಊರಿನ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ಧಾರವಾಡ ಜಿಲ್ಲೆಯಲ್ಲೇ. ಕಂಪನಿಯ ಷರತ್ತಿನಲ್ಲಿ ಬೇರೆ ಊರಿನ ಕೋರ್ಟಿನ ಹೆಸರಿದೆ ಅಂತ ಹೆದರಬೇಡಿ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಅವಧಿ 2 ವರ್ಷ. `e-Jagriti` ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಮಾನಸಿಕ ತೊಂದರೆಗೆ, ಖರ್ಚಿಗೆ ಅಂತ ಕೇಳುವುದಿದ್ದರೆ ಅಲ್ಲಿ ಕೇಳಿ. ನಿಮ್ಮ 50,000ಕ್ಕೆ ಈ ಪತ್ರ ಜಾಗ ಅಲ್ಲ.

ಬೇರೆ ಓದುಗರಿಗೆ ಒಂದೆರಡು ಮಾತು. ಆನ್‌ಲೈನ್ ಅಂಗಡಿಯಲ್ಲಿ ಕೊಂಡ ವಸ್ತು ಒಡೆದು ಬಂದರೆ ಕೊರಿಯರ್‌ಗೆ ಬರೆಯುವುದಲ್ಲ, ಮಾರಿದವರಿಗೆ ಬರೆಯಬೇಕು. ಕೊರಿಯರ್ ಜೊತೆ ಒಪ್ಪಂದ ಇರುವುದು ಅವರಿಗೆ. ಅಂಚೆ ಇಲಾಖೆಯ ಪಾರ್ಸೆಲ್‌ಗೆ ಮೇಲಿನ ರಸ್ತೆ ಸಾಗಣೆ ಕಾಯ್ದೆ ಬರುವುದಿಲ್ಲ, ಸರ್ಕಾರವನ್ನು ಅದು ಹೊರಗಿಟ್ಟಿದೆ. ವಿಮಾನದಲ್ಲಿ ವಿದೇಶಕ್ಕೆ ಹೋದ ಸರಕಿಗೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಕೈಸೇರಿದ 14 ದಿನದೊಳಗೆ ಲಿಖಿತ ದೂರು ಹೋಗಬೇಕು. ಅಮೆರಿಕದ ಮಗನಿಗೆ ಏನಾದರೂ ಕಳಿಸುವವರು ಇದನ್ನು ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ಕಂಪನಿಯವರು ಫೋನ್ ಮಾಡಿ "ಎರಡು ಸಾವಿರ ಕೊಡುತ್ತೇವೆ, ಮುಗಿಸಿಬಿಡಿ" ಅನ್ನಬಹುದು. ಒಪ್ಪುವುದು ಬಿಡುವುದು ನಿಮ್ಮಿಷ್ಟ. ಆದರೆ ಫೋನಿನಲ್ಲಿ ಹೂಂ ಅನ್ನಬೇಡಿ, ಇಮೇಲ್‌ನಲ್ಲಿ ಬರೆಯಲು ಹೇಳಿ. ದುಡ್ಡಿನ ಜೊತೆ ಬರುವ ವೋಚರ್‌ನಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅಂತ ಇದೆಯಾ ನೋಡಿ. ಇದ್ದು ನೀವು ಸಹಿ ಮಾಡಿದರೆ, ಉಳಿದ 3,240ಕ್ಕೆ ಮತ್ತೆ ಬಾಗಿಲು ತಟ್ಟುವುದು ಬಹಳ ಕಷ್ಟ. ಅಷ್ಟಕ್ಕೆ ಒಪ್ಪಿಗೆ ಇಲ್ಲದಿದ್ದರೆ ಸಹಿ ಮಾಡದೆ, ಅಂದಾಜು ಪಟ್ಟಿಯ ಪ್ರತಿಯನ್ನು ಇನ್ನೊಮ್ಮೆ ಲಗತ್ತಿಸಿ, ಯಾವ ಭಾಗದ ಮೊತ್ತವನ್ನು ಯಾವ ಕಾರಣಕ್ಕೆ ಕಡಿಮೆ ಮಾಡಿದ್ದೀರಿ ಅಂತ ಬರಹದಲ್ಲಿ ಕೇಳಿ.